ನಾಲ್ಕು ಹಾರ್ನ್, ಒಂದೇ ತಂತಿ

ಜಾತ್ರೆಯಲ್ಲಿ ಮೈಕ್‌ಸೆಟ್‌ನವರು ಆಂಪ್ಲಿಫಯರನ್ನು ಗುಡಿಯ ಪಡಸಾಲೆಯಲ್ಲಿಟ್ಟು, ಹಾರ್ನ್‌ಗಳನ್ನು ಇನ್ನೂರು ಮೀಟರ್ ಆಚೆಯ ಕಂಬಕ್ಕೆ ಕಟ್ಟಿದ್ದಾರೆ ಎಂದುಕೊಳ್ಳೋಣ. ಒಂದೊಂದು ಹಾರ್ನ್ 16 ಓಮ್, 25 ವಾಟ್‌ನದು. ನಾಲ್ಕನ್ನು ನೇರವಾಗಿ ಪ್ಯಾರಲಲ್ ಜೋಡಿಸಿದರೆ ಒಟ್ಟು 4 ಓಮ್. ಹೋಗಿಬರುವ 400 ಮೀಟರ್ ತಂತಿ, 1 ಚದರ ಮಿ.ಮೀ. ತಾಮ್ರದ್ದಾದರೂ, ತಾನೇ ಸುಮಾರು 7 ಓಮ್! ಕಳಿಸಿದ ಶಕ್ತಿಯ ಹನ್ನೊಂದು ಪಾಲಿನಲ್ಲಿ ಏಳು ತಂತಿಯನ್ನು ಬಿಸಿಮಾಡುವುದಕ್ಕೇ ಮುಗಿದುಹೋಗುತ್ತದೆ.

ಅದಕ್ಕೇ 100 ವೋಲ್ಟ್ ಲೈನ್. ಪ್ರತಿ ಹಾರ್ನ್‌ನ ಬೆನ್ನಿಗೆ 5:1 ಸುತ್ತುಗಳ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಪ್ರೈಮರಿಗೆ 100 ವೋಲ್ಟ್ ಕೊಟ್ಟರೆ ಸೆಕೆಂಡರಿಯಲ್ಲಿ 20 ವೋಲ್ಟ್. 16 ಓಮ್‌ನ ಹಾರ್ನ್ ಆಗ 1.25 ಆಂಪಿಯರ್ ಎಳೆಯುತ್ತದೆ. ಈಚೆ, ಪ್ರೈಮರಿಯಲ್ಲಿ ಹರಿಯುವುದು ಅದರ ಐದನೆಯ ಒಂದು ಪಾಲು, 0.25 ಆಂಪಿಯರ್.

100 ವೋಲ್ಟನ್ನು 0.25 ಆಂಪಿಯರ್‌ನಿಂದ ಭಾಗಿಸಿದರೆ 400 ಓಮ್. ವೋಲ್ಟೇಜ್ ಐದು ಪಟ್ಟು ಏರಿತು, ಕರೆಂಟ್ ಐದು ಪಟ್ಟು ಇಳಿಯಿತು; ಆದ್ದರಿಂದ ಓಮ್ ಇಪ್ಪತ್ತೈದು ಪಟ್ಟಾಯಿತು. ಸೂತ್ರದಲ್ಲಿ Z' = n²Z. ಸುತ್ತಿನ ಅನುಪಾತವನ್ನು ವರ್ಗ ಮಾಡುವುದನ್ನು ಮರೆತು 16ನ್ನು ಬರೀ 5ರಿಂದ ಗುಣಿಸುವುದು ವಿದ್ಯಾರ್ಥಿಗಳ ಹಳೆಯ ತಪ್ಪು.

ಈ ಲೆಕ್ಕದ ಲಾಭವೇನೆಂದರೆ, ಕಾಗದದ ಮೇಲೆ ಟ್ರಾನ್ಸ್‌ಫಾರ್ಮರ್ ಮಾಯವಾಗುತ್ತದೆ. ಆಂಪ್ಲಿಫಯರ್ ಕಣ್ಣಿಗೆ ಹಾರ್ನ್ ಕಾಣುವುದೇ ಇಲ್ಲ; ಕಾಣುವುದು ನಾಲ್ಕು 400 ಓಮ್‌ಗಳು, ಅಂದರೆ ಪ್ಯಾರಲಲ್‌ನಲ್ಲಿ 100 ಓಮ್, ಜೊತೆಗೆ ತಂತಿಯ 7. ಒಟ್ಟು 107. ತಂತಿಯಲ್ಲಿ ಸೋರುವುದು ಈಗ ನೂರಕ್ಕೆ ಆರೂವರೆ ಮಾತ್ರ.

ಉತ್ತರ ಹಾರ್ನ್ ಬದಿಯದು ಬೇಕಿದ್ದರೆ ಮತ್ತೆ ದಾಟಿ ಬರಬೇಕು. 100ನ್ನು 107ರಿಂದ ಭಾಗಿಸಿದರೆ 0.935 ಆಂಪಿಯರ್. ಒಂದು ಹಾರ್ನ್‌ನ ಪ್ರೈಮರಿಗೆ 0.234. ಐದರಿಂದ ಗುಣಿಸಿದರೆ ಹಾರ್ನ್‌ನಲ್ಲಿ 1.17 ಆಂಪಿಯರ್, 18.7 ವೋಲ್ಟ್. ಈಚೆಗೆ ತಂದ ಭಾರವನ್ನು ಆಚೆಯೂ ಇಟ್ಟುಕೊಂಡು ಎಣಿಸಿದರೆ ಮಾತ್ರ ಲೆಕ್ಕ ಕೆಡುತ್ತದೆ.

ಹಾಳಾದ ಒಂದು ಹಾರ್ನ್‌ನ ಜಾಗಕ್ಕೆ ಯಾರೋ 8 ಓಮ್‌ನದನ್ನು ಹಾಕಿದರೆಂದುಕೊಳ್ಳಿ. ಈಚೆಗೆ ಅದು 200 ಓಮ್ ಆಗಿ ಕಾಣುತ್ತದೆ, ಒಟ್ಟು ಭಾರ 80 ಓಮ್‌ಗೆ ಇಳಿಯುತ್ತದೆ. ತಂತಿಯನ್ನು ಬದಿಗಿಟ್ಟು ನೋಡಿದರೂ 100 ವಾಟ್‌ನ ಆಂಪ್ಲಿಫಯರ್ ಮೇಲೆ 125 ವಾಟ್ ಬಿದ್ದಂತೆ. ಕಾವೇರುತ್ತದೆ, ದನಿ ಒಡೆಯುತ್ತದೆ, ಫ್ಯೂಸ್ ಹೋದರೂ ಆಶ್ಚರ್ಯವಿಲ್ಲ.

ಇದನ್ನು ಮಲ್ಟಿಮೀಟರ್‌ನಲ್ಲಿ ಹಿಡಿಯಲು ಹೊರಟರೆ ಮೋಸ. ಅದು ಅಳೆಯುವುದು ನೇರ ವಿದ್ಯುತ್ತಿನಲ್ಲಿ. ಅಲ್ಲಿ ಟ್ರಾನ್ಸ್‌ಫಾರ್ಮರ್ ಕೆಲಸವೇ ಮಾಡದು, ಪ್ರೈಮರಿ ಸುರುಳಿಯ ತಾಮ್ರದ ಓಮ್ ಅಷ್ಟೇ ಸಿಗುತ್ತದೆ. ಲೈನಿನ ನಿಜವಾದ ಭಾರ ತಿಳಿಯಲು ಆಡಿಯೋ ಆವರ್ತನದಲ್ಲಿ ಅಳೆಯುವ ಇಂಪೀಡೆನ್ಸ್ ಮೀಟರ್ ಬೇಕು. ಅದರಲ್ಲೂ 400 ಸರಿಯಾಗಿ ಬರುವುದಿಲ್ಲ. ಸುರುಳಿಯ ರೋಧ, ಕೋರ್ ಎಳೆಯುವ ಕರೆಂಟ್ ಎಲ್ಲ ಸೇರಿ ಅಂಕಿ ಆಚೀಚೆ ಆಗುತ್ತದೆ, ಹಾರ್ನ್‌ನ 16 ಓಮ್ ಕೂಡ ಸ್ವರ ಬದಲಾದಂತೆ ಬದಲಾಗುತ್ತಿರುತ್ತದೆ.