ದತ್ತಾಂಶ ಮುಂಬೈಯಲ್ಲಿದೆ, ಬೀಗದ ಕೈ ಎಲ್ಲಿದೆ?

ಅಂಗಡಿಯಲ್ಲಿ ಕಾರ್ಡ್ ಉಜ್ಜಿ ಅಥವಾ ಫೋನ್ ಹಿಡಿದು ಹಣ ಕೊಟ್ಟಾಗ, ಯಾರು ಯಾರಿಗೆ ಎಷ್ಟು ಕೊಟ್ಟರು ಎಂಬ ದಾಖಲೆ ಎಲ್ಲೋ ಒಂದು ಡಿಸ್ಕಿನಲ್ಲಿ ಉಳಿಯುತ್ತದೆ. ಆ ದಾಖಲೆ ಭಾರತದಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್ 6ರಂದು ಸುತ್ತೋಲೆ ಹೊರಡಿಸಿ ಆರು ತಿಂಗಳ ಗಡುವು ಕೊಟ್ಟಿತು. ಇದನ್ನು ಪಾಲಿಸಿಲ್ಲ ಎಂಬ ಕಾರಣಕ್ಕೆ ಮಾಸ್ಟರ್‌ಕಾರ್ಡ್ 2021ರ ಜುಲೈ 22ರಿಂದ ಇಲ್ಲಿ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಆ ನಿರ್ಬಂಧ ತೆರವಾದದ್ದು 2022ರ ಜೂನ್‌ನಲ್ಲಿ.

ಈ ನಿಯಮವನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸರ್, ಎನ್‌ಕ್ರಿಪ್ಟ್ ಮಾಡಿದ ಮೇಲೆ ಅದು ಎಲ್ಲಿದ್ದರೇನು?" ಉತ್ತರ ತಿಳಿಯಲು ಒಂದು ಪಾವತಿ ಕಂಪನಿಯನ್ನು ಕಲ್ಪಿಸಿಕೊಳ್ಳೋಣ. ಅದು ಅಮೆಜಾನ್‌ನ ಮುಂಬೈ ಕ್ಲೌಡ್ ಕೇಂದ್ರದಲ್ಲಿ ಜಾಗ ಬಾಡಿಗೆಗೆ ಪಡೆದಿದೆ.

ಡಿಸ್ಕಿನಲ್ಲಿ ಸುಮ್ಮನೆ ಕುಳಿತ ದತ್ತಾಂಶವನ್ನು ಗೂಢಲಿಪಿಯಲ್ಲಿ ಇಡಲು ಎರಡು ಕೀಗಳು ಬೇಕು. ಮೊದಲನೆಯದು ದತ್ತಾಂಶದ ಕೀ. 256 ಬಿಟ್‌ಗಳ ಈ ಕೀಯಿಂದ ಎಇಎಸ್ ವಿಧಾನದಲ್ಲಿ ದಾಖಲೆಗಳನ್ನು ಗೂಢಲಿಪಿಗೆ ತಿರುಗಿಸುತ್ತಾರೆ. ಎರಡನೆಯದು ಯಜಮಾನ ಕೀ. ಅದರ ಕೆಲಸ ದತ್ತಾಂಶದ ಕೀಗೆ ಬೀಗ ಹಾಕುವುದು ಮಾತ್ರ. ಹೀಗೆ ಬೀಗ ಹಾಕಿದ ದತ್ತಾಂಶದ ಕೀಯನ್ನು ದಾಖಲೆಗಳ ಪಕ್ಕದಲ್ಲೇ ಇಡುತ್ತಾರೆ. ತೆರೆದ ಪ್ರತಿ ಇರುವುದು ಕೆಲಸ ನಡೆಯುವಷ್ಟು ಹೊತ್ತು, ಮೆಮೊರಿಯಲ್ಲಿ ಮಾತ್ರ. ಯಜಮಾನ ಕೀ ಎಚ್‌ಎಸ್‌ಎಂ ಎಂಬ ವಿಶೇಷ ಯಂತ್ರದಿಂದ ಹೊರಗೆ ಬರುವುದೇ ಇಲ್ಲ. ಡಿಸ್ಕನ್ನು ಕದ್ದವನಿಗೆ ಸಿಗುವುದು ಅರ್ಥವಿಲ್ಲದ ಬಿಟ್‌ಗಳು. ಮನೆಯ ಕಪಾಟುಗಳ ಕೈಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯ ಕೈಯನ್ನು ಅಜ್ಜಿಯ ಸೆರಗಿಗೆ ಕಟ್ಟಿದ ಹಾಗೆ.

ಈಗ ಪ್ರಶ್ನೆಗೆ ಬರೋಣ. ಕಂಪನಿಯ ನೌಕರನೊಬ್ಬ ರಾತ್ರಿಯ ಬ್ಯಾಕಪ್ ಪ್ರತಿಯನ್ನು ಸಿಂಗಾಪುರ ಕೇಂದ್ರಕ್ಕೂ ಕಳುಹಿಸುವಂತೆ ಹೊಂದಿಸಿದ ಎನ್ನಿ. ಎನ್‌ಕ್ರಿಪ್ಶನ್ ಇದನ್ನು ತಡೆಯುವುದಿಲ್ಲ. ಪ್ರತಿ ಅಲ್ಲಿಗೆ ಹೋಗುವಾಗ ಸಿಂಗಾಪುರದ ಕೀಯಿಂದ ಮತ್ತೆ ಬೀಗ ಬೀಳುತ್ತದೆ, ಯಾವ ಎಚ್ಚರಿಕೆಯೂ ಕಾಣಿಸುವುದಿಲ್ಲ. ಸುತ್ತೋಲೆ ಹೇಳುವುದು ದಾಖಲೆ ಎಲ್ಲಿರಬೇಕು ಎಂಬುದನ್ನು. ಗೂಢಲಿಪಿಯಲ್ಲಿದ್ದರೆ ಹೊರಗಿಡಬಹುದು ಎಂಬ ವಿನಾಯಿತಿ ಅದರಲ್ಲಿಲ್ಲ. ಎರಡನೆಯ ಪ್ರತಿ ಬೇಕಿದ್ದರೆ 2022ರ ನವೆಂಬರ್‌ನಿಂದ ಹೈದರಾಬಾದಿನಲ್ಲೂ ಅದೇ ಸಂಸ್ಥೆಯ ಕೇಂದ್ರವಿದೆ.

ಇದರ ಉಲ್ಟಾ ತಪ್ಪು ಇನ್ನೂ ಸೂಕ್ಷ್ಮ. ದತ್ತಾಂಶ ಮುಂಬೈ ಬಿಟ್ಟು ಕದಲಿಲ್ಲ, ಆದರೆ ಬೀಗ ತೆಗೆಯುವ ಅನುಮತಿ ಲಂಡನ್ ಕಚೇರಿಯ ಖಾತೆಗೂ ಇದೆ. ಆಗ ಲಂಡನ್‌ನಲ್ಲಿ ಕುಳಿತವರು ದಾಖಲೆಯನ್ನು ತೆರೆದು ಓದಬಹುದು, ಇಳಿಸಿಕೊಳ್ಳಲೂಬಹುದು. ಇದನ್ನು ಪತ್ತೆಹಚ್ಚಲು ದಾರಿಯಿದೆ: ಪ್ರತಿ ಬಾರಿ ಯಜಮಾನ ಕೀ ಬಳಸಿದಾಗಲೂ ಯಾವ ಖಾತೆ, ಯಾವ ವಿಳಾಸದಿಂದ ಕೇಳಿತು ಎಂಬುದು ಲಾಗ್‌ನಲ್ಲಿ ದಾಖಲಾಗುತ್ತದೆ. ಕೀಯ ಸ್ಥಿತಿಯನ್ನೂ ಒಂದು ಆದೇಶದಿಂದ ನೋಡಬಹುದು:

```
aws kms describe-key --key-id alias/payments --region ap-south-1
```

ಇಲ್ಲಿ `ap-south-1` ಎಂದರೆ ಮುಂಬೈ. ಉತ್ತರದಲ್ಲಿ `MultiRegion` ಎಂಬುದರ ಮುಂದೆ `true` ಎಂದಿದ್ದರೆ, ಆ ಕೀಯ ಪ್ರತಿಯನ್ನು ಬೇರೆ ದೇಶದ ಕೇಂದ್ರದಲ್ಲೂ ಇಡಲು ಸಾಧ್ಯ ಎಂದರ್ಥ. `Origin` ಎಂಬುದು ಕೀ ಯಾರ ಬಳಿಯದು ಎಂದು ಹೇಳುತ್ತದೆ: `AWS_KMS` ಎಂದರೆ ಅಮೆಜಾನ್‌ನ ವ್ಯವಸ್ಥೆಯೊಳಗೇ ಹುಟ್ಟಿದ್ದು, `EXTERNAL_KEY_STORE` ಎಂದರೆ ಹೊರಗೆ, ಕಂಪನಿಯ ವಶದಲ್ಲಿರುವುದು.

ಈ ವ್ಯತ್ಯಾಸ ಏಕೆ ಮುಖ್ಯ? ಅಮೆರಿಕದ 2018ರ ಕ್ಲೌಡ್ ಕಾಯ್ದೆಯ ಪ್ರಕಾರ, ಕಾನೂನುಬದ್ಧ ಆದೇಶ ಬಂದರೆ ಅಲ್ಲಿನ ಕಂಪನಿಯು ತನ್ನ ಹಿಡಿತದಲ್ಲಿರುವ ದತ್ತಾಂಶವನ್ನು, ಅದು ಯಾವ ದೇಶದಲ್ಲಿದ್ದರೂ, ಕೊಡಬೇಕಾಗಬಹುದು. ಯಜಮಾನ ಕೀ ಬೆಂಗಳೂರಿನಲ್ಲಿ ನಮ್ಮದೇ ಎಚ್‌ಎಸ್‌ಎಂನಲ್ಲಿದ್ದರೆ, ಕ್ಲೌಡ್ ಸಂಸ್ಥೆಯ ಡಿಸ್ಕಿನಿಂದ ಸಿಗುವುದು ಬೀಗ ಹಾಕಿದ ಪ್ರತಿ ಮಾತ್ರ. ಆದರೂ ಇದು ಪೂರ್ತಿ ರಕ್ಷಣೆಯಲ್ಲ. ಪಾವತಿ ನಡೆಯುವ ಕ್ಷಣದಲ್ಲಿ ದಾಖಲೆ ಮೆಮೊರಿಯಲ್ಲಿ ತೆರೆದೇ ಇರುತ್ತದೆ.

ಇದಕ್ಕೆ ಬೆಲೆಯೂ ಇದೆ. ಬೆಂಗಳೂರಿನ ಆ ಯಂತ್ರದ ಸಂಪರ್ಕ ತಪ್ಪಿದರೆ ಮುಂಬೈಯಲ್ಲಿ ಹೊಸದಾಗಿ ಯಾವ ಬೀಗವನ್ನೂ ತೆಗೆಯಲಾಗದು, ಪಾವತಿಗಳು ನಿಲ್ಲುತ್ತವೆ. ಕೀ ಶಾಶ್ವತವಾಗಿ ಕಳೆದರೆ ದತ್ತಾಂಶವೂ ಹೋದಂತೆಯೇ. ಆದ್ದರಿಂದ ಇಂಥ ಕಂಪನಿಗಳು ಎರಡು ಊರುಗಳಲ್ಲಿ ಎಚ್‌ಎಸ್‌ಎಂ ಇಡುತ್ತವೆ. ಬ್ಯಾಕಪ್ ಕೀಯನ್ನು ಹಲವು ತುಂಡುಗಳಾಗಿ ಬೇರೆಬೇರೆ ಜನರ ಕೈಗೆ ಕೊಡುವುದೂ ಇದೆ. ಐವರಲ್ಲಿ ಮೂವರು ಸೇರಿದರೆ ಕೀ ಮರಳಿ ಸಿಗುತ್ತದೆ, ಇಬ್ಬರು ಸೇರಿ ಏನೂ ಮಾಡಲಾಗದು. ನಮ್ಮಲ್ಲಿ ಅಮಾನತ್ತನ್ನು ಕಾಯುವವನಿಗೆ ಸಾಕ್ಷಿಗಳಿರಲಿ ಎನ್ನುತ್ತಾರಲ್ಲ, ಇಲ್ಲಿ ಆ ಕೆಲಸವನ್ನು ಗಣಿತವೇ ಮಾಡುತ್ತದೆ.