ಕಾಲೇಜಿಗೊಂದು ಸ್ಕೂಟರ್: ಬೋರ್ಡಿನ ಕಿಲೋಮೀಟರ್, ರಸ್ತೆಯ ಕಿಲೋಮೀಟರ್

ಎಲೆಕ್ಟ್ರಿಕ್ ಸ್ಕೂಟರ್ ನೋಡಲು ಷೋರೂಮಿಗೆ ಹೋದರೆ ಬೆಲೆಯ ಪಕ್ಕದಲ್ಲೇ ‘ಒಂದು ಚಾರ್ಜಿಗೆ ಇಷ್ಟು ಕಿ.ಮೀ.’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅದು ಸುಳ್ಳಲ್ಲ. ಆದರೆ ನಿಮ್ಮ ಮಗಳು ದಿನಾ ಓಡಾಡುವ ರಸ್ತೆಯಲ್ಲಿ ಅಳೆದದ್ದೂ ಅಲ್ಲ. ‘ಇಂಡಿಯನ್ ಡ್ರೈವಿಂಗ್ ಸೈಕಲ್’ ಎಂಬ ಪರೀಕ್ಷೆಯಲ್ಲಿ ಗಾಡಿಯನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸಿ ಆ ಅಂಕಿ ತೆಗೆಯುತ್ತಾರೆ. ಅಲ್ಲಿನ ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ 22ರ ಆಸುಪಾಸು. ಎದುರುಗಾಳಿ, ಏರು, ಹಿಂದೆ ಕೂತ ಗೆಳತಿ, ಇವು ಯಾವುವೂ ಅಲ್ಲಿಲ್ಲ.

ಗುಬ್ಬಿಯಿಂದ ತುಮಕೂರಿನ ಕಾಲೇಜಿಗೆ ಹೋಗಿ ಬರುವ ಒಬ್ಬ ವಿದ್ಯಾರ್ಥಿನಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಹೋಗಲು ಸುಮಾರು 20, ಬರಲು 20, ಒಟ್ಟು 40 ಕಿ.ಮೀ. ಬಹುಪಾಲು ಹೆದ್ದಾರಿ, ವೇಗ 55ರಿಂದ 60. ಕಾಲೇಜಿನಲ್ಲಿ ಚಾರ್ಜಿಂಗ್ ಇಲ್ಲ ಎಂದೇ ಇಟ್ಟುಕೊಳ್ಳೋಣ.

ಬ್ಯಾಟರಿಯ ಗಾತ್ರವನ್ನು ಕಿಲೋವ್ಯಾಟ್ ಅವರ್ ಎಂದು ಬರೆದಿರುತ್ತಾರೆ. ಅದು ನಮ್ಮ ಕರೆಂಟ್ ಬಿಲ್ಲಿನ ಯೂನಿಟ್ಟೇ. ಹಾಗಾಗಿ ಪೆಟ್ರೋಲ್ ಗಾಡಿಗೆ ಲೀಟರಿಗೆಷ್ಟು ಎಂದು ಕೇಳುವಂತೆ ಇಲ್ಲಿ ಯೂನಿಟ್ಟಿಗೆಷ್ಟು ಕಿ.ಮೀ. ಎಂದು ಕೇಳಬೇಕು. 2024ರಲ್ಲಿ ಏಥರ್ ರಿಜ್ಟಾ ಬಂದಾಗ ಅದರ 2.9 ಯೂನಿಟ್ ಮಾದರಿಗೆ ಪ್ರಮಾಣಪತ್ರದ ಅಂಕಿ 123 ಕಿ.ಮೀ. ಇತ್ತು. ಯೂನಿಟ್ಟಿಗೆ 42 ಬಂತು. ಊರೊಳಗೆ ಒಬ್ಬರೇ ಹದವಾಗಿ ಓಡಿಸಿದರೆ ಈ ವರ್ಗದ ಸ್ಕೂಟರುಗಳು ಸಾಮಾನ್ಯವಾಗಿ ಯೂನಿಟ್ಟಿಗೆ 30ರ ಸುತ್ತಮುತ್ತ ಕೊಡುತ್ತವೆ. ವೇಗ ಏರಿದಂತೆ ಗಾಳಿಯ ತಡೆ ಬಹಳ ಬೇಗ ಹೆಚ್ಚುವುದರಿಂದ ಹೆದ್ದಾರಿಯಲ್ಲಿ 60ರಲ್ಲಿ, ಅದೂ ಇಬ್ಬರು ಕೂತು ಹೋದರೆ, 25ಕ್ಕೆ ಇಳಿದೀತು.

ಈ 25ನ್ನೇ ಹಿಡಿಯೋಣ. 2.9 ಯೂನಿಟ್ಟಿಗೆ 72 ಕಿ.ಮೀ. ಕೊನೆಯ ಶೇ. 20ರಲ್ಲಿ ಹಲವು ಸ್ಕೂಟರುಗಳು ವೇಗ ತಗ್ಗಿಸುತ್ತವೆ, ಮನಸ್ಸಿಗೂ ಆತಂಕ. ಅದನ್ನು ಬಿಟ್ಟರೆ 58. ಬ್ಯಾಟರಿ ಹಳೆಯದಾಗಿ ಶೇ. 80ಕ್ಕೆ ಇಳಿದ ಕಾಲಕ್ಕೆ 46. ಬೇಕಾದದ್ದು 40, ಅಂದರೆ ಕೋರ್ಸ್ ಮುಗಿಯುವವರೆಗೂ ಸಾಕು. ಇದೇ ಲೆಕ್ಕ 2 ಯೂನಿಟ್ಟಿನ ಅಗ್ಗದ ಮಾದರಿಗೆ ಹಾಕಿದರೆ ಹೊಸತರಲ್ಲೇ 40 ಬರುತ್ತದೆ, ಹಳೆಯದಾದಾಗ 32. ಮೊದಲ ವರ್ಷ ಎಲ್ಲ ಚೆನ್ನಾಗಿರುತ್ತದೆ, ಮೂರನೇ ವರ್ಷ ಸಂಜೆ ಮನೆಗೆ ಬರುವಾಗ ದಾರಿಯಲ್ಲಿ ಕಣ್ಣು ಮೀಟರಿನ ಮೇಲೇ ಇರುತ್ತದೆ. ಸ್ಕೂಟರ್ ಕೊಳ್ಳುವವರು ಮೊದಲ ದಿನದ ಲೆಕ್ಕವನ್ನಲ್ಲ, ಕೊನೆಯ ಸೆಮಿಸ್ಟರಿನ ಲೆಕ್ಕವನ್ನು ಹಾಕಬೇಕು. ಊರೊಳಗೇ ದಿನಕ್ಕೆ 12 ಕಿ.ಮೀ. ಓಡಾಡುವವರಿಗೆ ಮಾತ್ರ ಆ 2 ಯೂನಿಟ್ಟಿನ ಗಾಡಿಯೇ ಧಾರಾಳ. ಅವರು ದೊಡ್ಡ ಬ್ಯಾಟರಿಗೆ ದುಡ್ಡು ಸುರಿಯಬೇಕಿಲ್ಲ.

ಟೆಸ್ಟ್ ರೈಡಿನಲ್ಲೇ ಇದನ್ನು ಪರೀಕ್ಷಿಸಬಹುದು. ಷೋರೂಮಿನ ಸುತ್ತ ಒಂದು ರೌಂಡ್ ಹೊಡೆದರೆ ಏನೂ ತಿಳಿಯದು. ಕನಿಷ್ಠ 15 ಕಿ.ಮೀ. ಬಿಡಿ ಎಂದು ಕೇಳಿ, ಚಾರ್ಜ್ 90ರಿಂದ 80ರ ನಡುವೆ ಇರುವಾಗ ಹೊರಡಿ, ನಿಮ್ಮ ಮಾಮೂಲಿ ವೇಗದಲ್ಲಿ ಹೋಗಿ ಬನ್ನಿ. 15 ಕಿ.ಮೀ.ಗೆ ಶೇ. 20 ಇಳಿದಿದ್ದರೆ ಪೂರ್ತಿ ಚಾರ್ಜಿಗೆ 75. ಷೋರೂಮಿನವರು ಒಪ್ಪದಿದ್ದರೆ ಅದೇ ಮಾದರಿಯನ್ನು ಎರಡು ವರ್ಷ ಓಡಿಸಿದವರನ್ನು ಹುಡುಕಿ ಕೇಳಿ.

ಇನ್ನು ಬ್ಯಾಟರಿ. ಕಡಿಮೆ ಬೆಲೆಯ, ಲೈಸೆನ್ಸ್ ಬೇಡದ, ಗಂಟೆಗೆ 25 ಕಿ.ಮೀ. ಮೀರದ ಗಾಡಿಗಳಲ್ಲಿ ಇವತ್ತಿಗೂ ಲೆಡ್ ಆಸಿಡ್ ಬ್ಯಾಟರಿ ಬರುತ್ತದೆ. ‘ಗ್ರಾಫೀನ್ ಬ್ಯಾಟರಿ’ ಎಂದು ಮಾರುವುದೂ ಹೆಚ್ಚಾಗಿ ಇದರದೇ ಸುಧಾರಿತ ರೂಪ. ಸೀಟಿನಡಿ 12 ವೋಲ್ಟಿನ ಐದಾರು ಭಾರದ ಬ್ಲಾಕ್‌ಗಳು ಸಾಲಾಗಿದ್ದರೆ, ವಾರಂಟಿ ಒಂದೇ ವರ್ಷ ಎಂದಿದ್ದರೆ, ಗುರುತು ಹತ್ತಿತು. ದಿನಾ ಪೂರ್ತಿ ಖಾಲಿ ಮಾಡಿದರೆ ಅದು ಒಂದೂವರೆ ಎರಡು ವರ್ಷಕ್ಕೆ ಕೈಕೊಡುತ್ತದೆ. ನಮ್ಮ ಗುಬ್ಬಿಯ ವಿದ್ಯಾರ್ಥಿನಿಗೆ ಇದು ಬೇಡವೇ ಬೇಡ. ಲಾರಿಗಳು ಓಡುವ ರಸ್ತೆಯಲ್ಲಿ 25ರ ವೇಗವೇ ಅಪಾಯ.

ಲಿಥಿಯಂನಲ್ಲಿ ಎರಡು ಬಗೆ. ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವ ಎನ್‌ಎಂಸಿ ಹಗುರ, ಸಣ್ಣ ಜಾಗದಲ್ಲಿ ಹೆಚ್ಚು ಯೂನಿಟ್ ಹಿಡಿಯುತ್ತದೆ. ಹೆಚ್ಚಿನ ಹೆಸರಾಂತ ಸ್ಕೂಟರುಗಳಲ್ಲಿ ಇರುವುದು ಇದೇ. ಕಬ್ಬಿಣ ಮತ್ತು ಫಾಸ್ಫೇಟಿನ ಎಲ್‌ಎಫ್‌ಪಿ ಭಾರ, ಆದರೆ ಬಿಸಿಯನ್ನು ಹೆಚ್ಚು ತಾಳುತ್ತದೆ, ಹೆಚ್ಚು ಸಲ ಚಾರ್ಜ್ ಆಗುತ್ತದೆ. ಆಂಪಿಯರ್ ನೆಕ್ಸಸ್‌ನಲ್ಲಿ ಇದು ಇದೆ. ಎಲ್‌ಎಫ್‌ಪಿಯ ವೋಲ್ಟೇಜ್ ಬಹುಹೊತ್ತು ಒಂದೇ ಮಟ್ಟದಲ್ಲಿ ನಿಲ್ಲುವುದರಿಂದ ಉಳಿದ ಚಾರ್ಜನ್ನು ಅಂದಾಜು ಮಾಡುವುದು ಮೀಟರಿಗೆ ಕಷ್ಟ. ಅರ್ಧಂಬರ್ಧ ಚಾರ್ಜ್ ಮಾಡುತ್ತಲೇ ಹೋದರೆ 30 ತೋರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ 15ಕ್ಕೆ ಬೀಳಬಹುದು. ವಾರಕ್ಕೊಮ್ಮೆ ಪೂರ್ತಿ 100ಕ್ಕೆ ತುಂಬಿಸಿದರೆ ಅದು ಸರಿಹೋಗುತ್ತದೆ. ಎನ್‌ಎಂಸಿಯದು ಇದಕ್ಕೆ ವಿರುದ್ಧ: 100ಕ್ಕೆ ತುಂಬಿಸಿ ಬಿಸಿಲಲ್ಲಿ ದಿನಗಟ್ಟಲೆ ನಿಲ್ಲಿಸಿದರೆ ಬೇಗ ಸವೆಯುತ್ತದೆ. ಇವೆರಡರಲ್ಲಿ ಯಾವುದಾದರೂ ಸರಿ, ಗೊಂದಲ ಬೇಡ. ಅದಕ್ಕಿಂತ ವಾರಂಟಿ ಪತ್ರದಲ್ಲಿ ‘ಶೇ. 70ಕ್ಕಿಂತ ಕೆಳಗಿಳಿದರೆ ಬದಲಿಸುತ್ತೇವೆ’ ಎಂಬಂಥ ಸ್ಪಷ್ಟ ಮಾತು ಇದೆಯೇ ಎಂದು ಓದಿ. ಕಿ.ಮೀ. ಮಿತಿಯನ್ನೂ ನೋಡಿ, ಈಕೆ ವರ್ಷಕ್ಕೆ 10 ಸಾವಿರ ಕಿ.ಮೀ. ಓಡಿಸುತ್ತಾಳೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ 2023ರ ಏಪ್ರಿಲ್ ನಂತರ ತಯಾರಾದದ್ದೇ ಇರಲಿ. 2022ರ ಬೆಂಕಿ ಅವಘಡಗಳಾದ ಮೇಲೆ ಬ್ಯಾಟರಿಯ ಸುರಕ್ಷತಾ ನಿಯಮ ಬಿಗಿಯಾಗಿ ಪೂರ್ತಿ ಜಾರಿಗೆ ಬಂದದ್ದು ಆಗ.

ಮನೆಯಲ್ಲಿ ಚಾರ್ಜ್ ಮಾಡುವವರಿಗೆ ಇನ್ನೊಂದು ಮಾತು. ದಿನಕ್ಕೆ 40 ಕಿ.ಮೀ. ಎಂದರೆ ತಿಂಗಳಿಗೆ 40ರಿಂದ 45 ಯೂನಿಟ್ ಹೆಚ್ಚುವರಿ. ಗೃಹಜ್ಯೋತಿಯಲ್ಲಿರುವ ಮನೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಹಾಸ್ಟೆಲಿನಲ್ಲಿ ಇರುವವರು ಬ್ಯಾಟರಿ ಬಿಚ್ಚಿ ತೆಗೆಯುವ ಮಾದರಿ ನೋಡುವ ಮೊದಲು ವಾರ್ಡನ್ನರನ್ನು ಕೇಳಲಿ, ಎಷ್ಟೋ ಕಡೆ ಕೋಣೆಯಲ್ಲಿ ಚಾರ್ಜ್ ಮಾಡಲು ಬಿಡುವುದಿಲ್ಲ.

ಇವೆಲ್ಲಕ್ಕಿಂತ ನಾನು ಹೆಚ್ಚು ತೂಕ ಕೊಡುವುದು ಸರ್ವಿಸಿಗೆ. ಪೆಟ್ರೋಲ್ ಸ್ಕೂಟರ್ ಕೆಟ್ಟರೆ ಹೆಚ್ಚಿನ ಸಲ ಬೀದಿ ಕೊನೆಯ ಮೆಕ್ಯಾನಿಕ್ಕೇ ಬಿಚ್ಚಿ ಸರಿಮಾಡುತ್ತಾನೆ. ಇಲ್ಲಿ ಕಂಟ್ರೋಲರ್ ಅಥವಾ ಬ್ಯಾಟರಿಯ ಬಿಎಂಎಸ್ ಕೆಟ್ಟರೆ ಕಂಪನಿಯ ಲ್ಯಾಪ್‌ಟಾಪ್ ಜೋಡಿಸದೆ ರೋಗವೇ ಪತ್ತೆಯಾಗದು, ಬಿಡಿಭಾಗ ಹೊರಗೆ ಸಿಗದು. ಸಬ್ಸಿಡಿ ತಕರಾರಿನಲ್ಲಿ ಸಿಕ್ಕಿ ವ್ಯಾಪಾರ ಕುಗ್ಗಿದ ಕಂಪನಿಗಳ ಗಾಡಿ ಕೊಂಡವರು ಬಿಡಿಭಾಗಕ್ಕಾಗಿ ಅಲೆದದ್ದು ಇತ್ತೀಚಿನ ಮಾತು.

ಹಾಗಾಗಿ ಷೋರೂಮಿಗೆ ಮೊದಲು ವರ್ಕ್‌ಶಾಪಿಗೆ ಹೋಗಿ, ಸೋಮವಾರ ಬೆಳಿಗ್ಗೆ ಹೋದರೆ ಒಳ್ಳೆಯದು. ಧೂಳು ಹಿಡಿದು ನಿಂತ ಗಾಡಿಗಳು ಎಷ್ಟಿವೆ ನೋಡಿ. ಅಲ್ಲಿಗೆ ಬಂದ ಗಿರಾಕಿಗಳನ್ನು ಎರಡೇ ಪ್ರಶ್ನೆ ಕೇಳಿ: ಏನು ಕೆಟ್ಟಿದೆ, ಎಷ್ಟು ದಿನವಾಯಿತು? ಟೈರ್, ಬ್ರೇಕ್ ಪ್ಯಾಡ್ ಎಂದರೆ ಚಿಂತೆಯಿಲ್ಲ. ಮೂರು ವಾರದಿಂದ ಕಂಟ್ರೋಲರ್ ಬಂದಿಲ್ಲ ಎಂದು ಇಬ್ಬರು ಮೂವರು ಹೇಳಿದರೆ ಅಲ್ಲಿಂದಲೇ ಹಿಂದಿರುಗಿ. ದಾರಿಯಲ್ಲಿ ನಿಂತರೆ ಎಷ್ಟು ದೂರದವರೆಗೆ ಉಚಿತವಾಗಿ ಎತ್ತಿಕೊಂಡು ಬರುತ್ತಾರೆ ಎಂಬುದನ್ನೂ ಬರಹದಲ್ಲಿ ಪಡೆಯಿರಿ.

ಗುಬ್ಬಿಯಲ್ಲೇ ಷೋರೂಮ್ ಇದೆ ಎಂಬ ಕಾರಣಕ್ಕೆ ಒಂದು ಬ್ರಾಂಡನ್ನು ಆರಿಸುವುದಕ್ಕಿಂತ, ತುಮಕೂರಿನಲ್ಲಿ ಕಾಲೇಜಿನ ದಾರಿಯಲ್ಲೇ ಸ್ವಂತ ವರ್ಕ್‌ಶಾಪ್ ಇರುವ ಬ್ರಾಂಡ್ ಈ ವಿದ್ಯಾರ್ಥಿನಿಗೆ ಮೇಲು. ಬೆಳಿಗ್ಗೆ ಗಾಡಿ ಬಿಟ್ಟು ಕ್ಲಾಸಿಗೆ ಹೋಗಿ ಸಂಜೆ ತೆಗೆದುಕೊಂಡು ಊರಿಗೆ ಹೊರಡಬಹುದು. ಎರಡು ಮಾದರಿ ಸರಿಸಮ ಎನ್ನಿಸಿ, ಒಂದಕ್ಕೆ 20 ಕಿ.ಮೀ. ಹೆಚ್ಚು ರೇಂಜ್, ಇನ್ನೊಂದಕ್ಕೆ ಇಂಥ ವರ್ಕ್‌ಶಾಪ್ ಇದ್ದರೆ, ನಾನಂತೂ ಎರಡನೆಯದನ್ನೇ ಕೊಡಿಸುತ್ತೇನೆ.