ಮನೆಯವರಿಗೇ ಕೊಟ್ಟ ಸಾಲ

ಕಂಪನಿಯ ವಾರ್ಷಿಕ ವರದಿ ಬಂದಾಗ ಹೆಚ್ಚಿನ ಷೇರುದಾರರು ಅಧ್ಯಕ್ಷರ ಮಾತು ಓದಿ, ಲಾಭ ಎಷ್ಟೆಂದು ನೋಡಿ ಮುಚ್ಚಿಡುತ್ತಾರೆ. ಕಂಪನಿ ತನ್ನವರ ಜೊತೆ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಇರುವುದು ಕೊನೆಯ ಪುಟಗಳಲ್ಲಿ, ಲೆಕ್ಕಪತ್ರದ ಟಿಪ್ಪಣಿಗಳ ನಡುವೆ. ಪಿಡಿಎಫ್‌ನಲ್ಲಿ related party ಎಂದು ಹುಡುಕಿದರೆ ಸಿಗುತ್ತದೆ. ಪ್ರವರ್ತಕರು, ಅವರ ಬಂಧುಗಳು, ಅವರ ಹಿಡಿತದಲ್ಲಿರುವ ಬೇರೆ ಕಂಪನಿಗಳು, ಅಂಗಸಂಸ್ಥೆಗಳು, ಉನ್ನತ ಅಧಿಕಾರಿಗಳು ಎಲ್ಲರೂ ಸಂಬಂಧಿತ ಪಕ್ಷಗಳೇ. ಅವರೊಂದಿಗೆ ವ್ಯವಹಾರ ಮಾಡುವುದು ತಪ್ಪಲ್ಲ. ಮುಚ್ಚಿಡುವುದು ತಪ್ಪು.

ಆ ಟಿಪ್ಪಣಿ ಓದುವ ಬಗೆಗೆ ಬೆಂಗಳೂರಿನದೇ ಒಂದು ಉದಾಹರಣೆ ಇದೆ. ಮದ್ಯ ತಯಾರಿಸುವ ಯುನೈಟೆಡ್ ಸ್ಪಿರಿಟ್ಸ್, ಯುಬಿ ಸಮೂಹದ ಹಿಡುವಳಿ ಕಂಪನಿಯಾದ ಯುನೈಟೆಡ್ ಬ್ರೂವರೀಸ್ ಹೋಲ್ಡಿಂಗ್ಸ್‌ಗೆ ಹಲವು ವರ್ಷಗಳಿಂದ ಸಾಲ, ಠೇವಣಿ, ಮುಂಗಡಗಳನ್ನು ಕೊಟ್ಟಿತ್ತು. ಎರಡಕ್ಕೂ ವಿಜಯ್ ಮಲ್ಯ ಅವರೇ ಅಧ್ಯಕ್ಷರು. 2013ರ ಜುಲೈ 3ರಂದು ಈ ಬಾಕಿಗಳನ್ನೆಲ್ಲ ಒಟ್ಟುಗೂಡಿಸಿ ಸುಮಾರು 1,337 ಕೋಟಿ ರೂಪಾಯಿಯ ಒಂದೇ ಸಾಲದ ಒಪ್ಪಂದ ಮಾಡಿಕೊಳ್ಳಲಾಯಿತು. ಮರುದಿನವೇ ಬ್ರಿಟನ್ನಿನ ಡಿಯಾಜಿಯೋ ಯುನೈಟೆಡ್ ಸ್ಪಿರಿಟ್ಸ್‌ನಲ್ಲಿ ಶೇ. 25ರಷ್ಟು ಷೇರು ಹೊಂದಿದ ಪಾಲುದಾರನಾಯಿತು.

ಒಪ್ಪಂದದ ಶರತ್ತುಗಳು ಟಿಪ್ಪಣಿಯಲ್ಲಿವೆ. ಬಡ್ಡಿ ವರ್ಷಕ್ಕೆ ಶೇ. 9.5. ಅವಧಿ 8 ವರ್ಷ. ಬಡ್ಡಿ ಕೊಡಲು ಶುರುವಾಗುವುದು 18 ತಿಂಗಳ ನಂತರ. ಅಸಲು ತೀರಿಸುವುದು 6ನೇ ವರ್ಷದ ಕೊನೆಯಿಂದ, ಮೂರು ವಾರ್ಷಿಕ ಕಂತುಗಳಲ್ಲಿ.

ಈಗ ಬ್ಯಾಂಕಿನ ಮ್ಯಾನೇಜರ್ ಕೇಳುವ ಪ್ರಶ್ನೆಗಳನ್ನು ನಾವೂ ಕೇಳೋಣ. ಮೊದಲನೆಯದು, ಅಡಮಾನ ಏನು? ಇಷ್ಟು ದೊಡ್ಡ ಸಾಲಕ್ಕೆ ಅಡಮಾನವೇ ಇರಲಿಲ್ಲ. ಎರಡನೆಯದು, ಸಾಲಗಾರನ ಸ್ಥಿತಿ ಹೇಗಿದೆ? ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲೇ ಹಾರಾಟ ನಿಲ್ಲಿಸಿತ್ತು. ಅದರ ಬ್ಯಾಂಕ್ ಸಾಲಕ್ಕೆ ಜಾಮೀನು ನಿಂತದ್ದು ಇದೇ ಹಿಡುವಳಿ ಕಂಪನಿ. ಮೂರನೆಯದು, ಹಣ ಯಾವಾಗ ಕೈಸೇರುತ್ತದೆ? ವರ್ಷಕ್ಕೆ ಸುಮಾರು 127 ಕೋಟಿ ಬಡ್ಡಿ ಆಗಬೇಕು. ಆದರೆ ಮೊದಲ ಒಂದೂವರೆ ವರ್ಷ ಒಂದು ರೂಪಾಯಿಯೂ ಬರುವುದಿಲ್ಲ. ಹೊರಗಿನವರು ಯಾರಾದರೂ ಇದೇ ಶರತ್ತಿನಲ್ಲಿ ಸಾಲ ಕೊಡುತ್ತಿದ್ದರೇ? ಸಂಬಂಧಿತ ವ್ಯವಹಾರಗಳನ್ನು ಅಳೆಯಲು ಇದಕ್ಕಿಂತ ಸರಳ ಅಳತೆಗೋಲಿಲ್ಲ.

ಮುಂದೇನಾಯಿತು? 2014ರ ನವೆಂಬರ್ 28ರಂದು ಯುನೈಟೆಡ್ ಸ್ಪಿರಿಟ್ಸ್ ಷೇರುದಾರರ ವಿಶೇಷ ಸಭೆಗೆ 12 ನಿರ್ಣಯಗಳು ಬಂದವು. ಷೇರುದಾರರು ಒಂಬತ್ತನ್ನು ತಿರಸ್ಕರಿಸಿದರು. ಈ ಸಾಲದ ಒಪ್ಪಂದವೂ ಅವುಗಳಲ್ಲೊಂದು. ಆದರೆ ಹಣ ಆಗಲೇ ಹೋಗಿತ್ತು. ವಾಪಸು ಬರುವುದು ಅನುಮಾನವೆಂದು ಕಂಪನಿ ಇಡೀ ಸಾಲಕ್ಕೆ ಲೆಕ್ಕದಲ್ಲಿ ನಷ್ಟದ ಮೊತ್ತ ತೆಗೆದಿಡಬೇಕಾಯಿತು. 2017ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ಹಿಡುವಳಿ ಕಂಪನಿಯನ್ನೇ ಮುಚ್ಚಲು ಆದೇಶಿಸಿತು.

ನಿಮ್ಮ ಕೈಯಲ್ಲಿರುವ ವರದಿಯನ್ನೂ ಹೀಗೇ ಓದಬಹುದು. ಟಿಪ್ಪಣಿಯಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ: ಯಾರು ಸಂಬಂಧಿತರು, ಈ ವರ್ಷ ಅವರೊಂದಿಗೆ ನಡೆದ ವ್ಯವಹಾರ ಎಷ್ಟು, ಮಾರ್ಚ್ 31ಕ್ಕೆ ಉಳಿದ ಬಾಕಿ ಎಷ್ಟು. ಕಣ್ಣು ಹೆಚ್ಚು ಇರಬೇಕಾದದ್ದು ಬಾಕಿಯ ಮೇಲೆ. ಪಕ್ಕದಲ್ಲೇ ಹಿಂದಿನ ವರ್ಷದ ಅಂಕಿಯೂ ಇರುತ್ತದೆ. ಒಂದೇ ಹೆಸರಿನ ಮುಂದೆ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತ, ಬಡ್ಡಿಯೂ ಅಸಲಿಗೆ ಸೇರುತ್ತ ಹೋದರೆ ಆ ಸಾಲ ತೀರುವ ಸಾಲವಲ್ಲ. ಬಡ್ಡಿಯನ್ನು ಆದಾಯವೆಂದು ಬರೆದುಕೊಂಡರೆ ಲಾಭ ಕಾಣುತ್ತದೆ, ಕೈಯಲ್ಲಿ ಕಾಸಿರುವುದಿಲ್ಲ.

ಇನ್ನೊಂದು ಸೂಕ್ಷ್ಮ. ಇಡೀ ಸಮೂಹದ ಕ್ರೋಡೀಕೃತ ಲೆಕ್ಕದಲ್ಲಿ ತಾಯಿ ಕಂಪನಿ ತನ್ನ ಅಂಗಸಂಸ್ಥೆಗೆ ಕೊಟ್ಟ ಸಾಲ ಕಾಣುವುದಿಲ್ಲ, ಒಂದು ಜೇಬಿನಿಂದ ಇನ್ನೊಂದಕ್ಕೆ ಹೋದದ್ದೆಂದು ಅಳಿಸಿಹೋಗುತ್ತದೆ. ನಷ್ಟದಲ್ಲಿರುವ ಅಂಗಸಂಸ್ಥೆಗೆ ಹಣ ಸುರಿಯುತ್ತಿರುವುದು ತಿಳಿಯಬೇಕಾದರೆ ತಾಯಿ ಕಂಪನಿಯ ಪ್ರತ್ಯೇಕ ಲೆಕ್ಕವನ್ನೇ ನೋಡಬೇಕು.

ಈ ಪಟ್ಟಿಗೂ ಮಿತಿಯಿದೆ. ಕಂಪನಿ ತಾನಾಗಿ ಹೆಸರಿಸಿದವರು ಮಾತ್ರ ಇಲ್ಲಿರುತ್ತಾರೆ. ಪರಿಚಿತರ ಹೆಸರಿನ ಕಂಪನಿಯ ಮೂಲಕ ಹಣ ಸುತ್ತಿ ಹೋದರೆ ಟಿಪ್ಪಣಿ ಬಾಯಿ ಬಿಡುವುದಿಲ್ಲ. ಮಾರುಕಟ್ಟೆ ದರದಲ್ಲೇ ವ್ಯವಹಾರ ನಡೆದಿದೆ ಎಂಬ ಸಾಲು ಕೂಡ ಕಂಪನಿಯದೇ ಹೇಳಿಕೆ. ಹಾಗಾಗಿ ಲೆಕ್ಕಪರಿಶೋಧಕರ ವರದಿಯನ್ನೂ ಜೊತೆಗೇ ಓದಿ. ದೊಡ್ಡ ವ್ಯವಹಾರಗಳಿಗೆ ಒಪ್ಪಿಗೆ ಕೇಳುವ ಮತಪತ್ರ ನಿಮ್ಮ ಇಮೇಲ್‌ಗೆ ಬಂದಾಗ ಅಳಿಸಿ ಹಾಕಬೇಡಿ. ಪ್ರವರ್ತಕರು ಅಲ್ಲಿ ತಮ್ಮ ವ್ಯವಹಾರಕ್ಕೆ ತಾವೇ ಮತ ಹಾಕಿ ಒಪ್ಪಿಗೆ ಕೊಡುವಂತಿಲ್ಲ. ತೀರ್ಮಾನ ಉಳಿದ ಷೇರುದಾರರದು.